ರೂಪಕದಕ್ಕ ಮತ್ತು ಕೊನೆಯ ಅಧ್ಯಾಯ

ನಮ್ಮ ಭಾಷಾ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ರೂಪಕದಕ್ಕ. ರಾಜಕಾರಣಿಗಳ ಭಾಷಣದಲ್ಲಿ ರೂಪಕ ಹುಡುಕುವುದು ಅವರ ಕಸುಬು. ಕವಿಗಳ ರೂಪಕ ಅಲ್ಲ, ನಾವೆಲ್ಲ ಯೋಚಿಸದೇ ಆಡುವಂಥವು. ಬೆಲೆ ಏರಿತು ಎನ್ನುತ್ತೇವಲ್ಲ, ಬೆಲೆ ಯಾವ ಮೆಟ್ಟಿಲು ಏರಿತು? ಹೆಚ್ಚು ಎಂದರೆ ಮೇಲೆ ಎಂದು ನಮ್ಮ ತಲೆ ಮೊದಲೇ ಒಪ್ಪಿಕೊಂಡಿದೆ, ಅಷ್ಟೇ. ಹಾಗೆಯೇ ನಾಡನ್ನು ಮನೆ ಎಂದು ಒಪ್ಪಿಕೊಂಡು ಮಾತಾಡಿದರೆ, ಯಜಮಾನ ಯಾರು, ನೆಂಟ ಯಾರು, ಹೊಸ್ತಿಲಾಚೆ ನಿಲ್ಲಬೇಕಾದವರು ಯಾರು ಎನ್ನುವುದೂ ಸದ್ದಿಲ್ಲದೆ ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನದಿಂದ ಯಾರಿಗೆ ಲಾಭ, ಯಾರ ಬಾಯಿ ಮುಚ್ಚುತ್ತದೆ ಎಂದು ಕೇಳುವುದು ಅಕ್ಕನ ಕೆಲಸದ ಇನ್ನರ್ಧ.

ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಅವರೂ ನಮ್ಮ ವಿಭಾಗದವರೇ. ಇಬ್ಬರೂ ಸೇರಿ ಹಳೆಯ ಮುಖ್ಯಮಂತ್ರಿಯೊಬ್ಬರ ಭಾಷಣಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಒಂದೇ ಭಾಷಣದ ಎರಡು ಪ್ರತಿ ತೆಗೆದು, ಭಾವ ಮುಂದಿನ ಕೋಣೆಯಲ್ಲಿ, ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದರು. ಒಂದೊಂದು ಪದಕ್ಕೂ ಇಲ್ಲಿ ಏನರ್ಥ, ಇದಕ್ಕಿಂತ ಮೂಲವಾದ, ಕೈಗೆ ಸಿಗುವಂಥ ಅರ್ಥ ಬೇರೆ ಇದೆಯೇ, ಅದರ ಮೂಲಕ ಇದು ತಿಳಿಯುತ್ತಿದೆಯೇ ಎಂದು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಇಬ್ಬರದೂ ಮುಗಿಯುವ ತನಕ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಒಬ್ಬರ ಕಣ್ಣಿಗೆ ಕಂಡದ್ದು ಭ್ರಮೆಯೂ ಆಗಿರಬಹುದು, ಬೇರೆಯಾಗಿ ಕೂತ ಎರಡನೆಯವರಿಗೂ ಕಂಡರೆ ನಂಬಬಹುದು ಎನ್ನುವುದು ನಿಯಮ. ಸುಮ್ಮನೆ ಕಾಕತಾಳೀಯವಾಗಿ ಕೂಡಿಬರುವಷ್ಟನ್ನು ಕಳೆದ ಮೇಲೂ ಇವರಿಬ್ಬರ ಗುರುತುಗಳು ಎಷ್ಟು ಹೊಂದುತ್ತಿದ್ದವೆಂದರೆ ನಮಗೆಲ್ಲ ಹೊಟ್ಟೆಕಿಚ್ಚು.

ಭಾವ ಕಾಯಿಲೆ ಬಿದ್ದು ಹೋಗಿಬಿಟ್ಟರು. ಹೋಗುವ ಮುಂಚೆ, ಹಾಸಿಗೆಯ ಮೇಲೆ ಕೂತುಕೊಂಡೇ ಕೊನೆಯ ಅಧ್ಯಾಯ ಮುಗಿಸಿದ್ದರು. ಮುಖ್ಯಮಂತ್ರಿಯ ಕಡೆಯ ವರ್ಷದ ಭಾಷಣಗಳ ತುಂಬ ಬಾಗಿಲು, ಒಳಗು, ಹೊರಗು, ಮುಚ್ಚುವುದು. ಅಧಿಕಾರದಲ್ಲಿದ್ದರೂ ಆ ಮನುಷ್ಯನಿಗೆ ತನ್ನ ಮನೆಯಿಂದಲೇ ತನ್ನನ್ನು ಹೊರಗಿಟ್ಟ ಹಾಗೆ ಅನಿಸುತ್ತಿತ್ತು ಎನ್ನುವುದು ಅದರ ವಾದ. ಅಕ್ಕನಿಗೆ ಅದು ಭಾವ ಬಿಟ್ಟುಹೋದ ಕಡೆಯ ಮಾತು. ಸಂಜೆ ವಿಭಾಗದಲ್ಲಿ ಕೂತು ಅದನ್ನೇ ತಿರುವಿಹಾಕುತ್ತಿದ್ದರು, ಮನೆಗೆ ಹೋಗಲು ಮನಸ್ಸಾಗದೆ.

ಪ್ರಕಾಶಕರು ಹಸ್ತಪ್ರತಿಯನ್ನು ಪರಿಶೀಲನೆಗೆ ಕಳಿಸಿದರು. ಪರಿಶೀಲಕರು ಒಂದೇ ಒಂದು ಸಾಲು ಬರೆದರು: ಗುರುತು ಹಾಕಿದ ಇಬ್ಬರೂ ಗಂಡ ಹೆಂಡತಿ, ಮೂರನೆಯವರೊಬ್ಬರು ಹಾಕಿ ನೋಡಲಿ. ಅಕ್ಕ ಆ ಹಾಳೆ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ನೋಡೇ ಇದನ್ನ. ನಾವೇನು ಕಾಪಿ ಹೊಡೆದ್ವಾ?"

"ಹಾಗೆ ಅಂದಿಲ್ಲ ಅಕ್ಕ."

"ನೀನೇ ಹಾಕು. ನಿನಗೆ ದಾಕ್ಷಿಣ್ಯ ಅನ್ನೋದು ಹುಟ್ಟಿದಾಗಿನಿಂದ ಇಲ್ಲ."

ಅದು ನಿಜ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವರೇ ಜಾಸ್ತಿ, ಆದರೂ ನಾನು ಹೇಳುವವಳೇ. ನಿಯಮಾವಳಿಯ ಹಾಳೆ, ಗುರುತಿಲ್ಲದ ಭಾಷಣಗಳು, ಇಷ್ಟೇ ಇಟ್ಟುಕೊಂಡು ಗ್ರಂಥಾಲಯದ ಮೂಲೆಯಲ್ಲಿ ಕೂತೆ. ನನ್ನದು ಮುಗಿದ ಮೇಲೆ ಅವರಿಬ್ಬರ ಗುರುತುಗಳ ಜೊತೆ ಹೋಲಿಸಿದೆ. ನೆಂಟರ ಅಧ್ಯಾಯ ಗಟ್ಟಿಯಾಗಿತ್ತು. ಹೊರಗಿನಿಂದ ಬಂದ ಕೂಲಿಗಳನ್ನು ಆ ಮುಖ್ಯಮಂತ್ರಿ 'ಅಂಗಳಕ್ಕೆ ಬಂದ ಅತಿಥಿಗಳು' ಎಂದು ಮತ್ತೆ ಮತ್ತೆ ಕರೆದದ್ದು, ಅತಿಥಿ ಕೇಳಬಾರದು, ಕೊಟ್ಟದ್ದು ಉಣ್ಣಬೇಕು ಎಂಬ ದನಿ, ಎಲ್ಲ ನನಗೂ ಸಿಕ್ಕಿತು. ವಿರೋಧಪಕ್ಷದವರ ಭಾಷಣಗಳಲ್ಲಿ ಅದು ಇರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದಾಗ ಕೈ ನಿಂತಿತು. 'ಇದರ ಹೊರತಾಗಿ' ಎನ್ನುವಲ್ಲೂ ಮನೆ ಎಂದು ಗುರುತು ಹಾಕಿದ್ದರು. 'ಆ ಅಧ್ಯಾಯ ಮುಚ್ಚಿದೆ' ಎನ್ನುವಲ್ಲಿ ಇರುವುದು ಪುಸ್ತಕ, ಬಾಗಿಲಲ್ಲ. 'ಮಿತಿಯೊಳಗೆ' ಎಂದು ಸಂಬಳದ ಬಿಲ್ಲಿನಲ್ಲೂ ಇರುತ್ತದೆ. ಅನುಮಾನಕ್ಕೆ ವಿರೋಧಪಕ್ಷದ ನಾಯಕನ ಅದೇ ವರ್ಷದ ಭಾಷಣ ತೆಗೆದೆ. ಉಪಚುನಾವಣೆ ಗೆದ್ದು ಬೀಗುತ್ತಿದ್ದ ಆತನ ಬಾಯಲ್ಲೂ ಅವೇ ಪದಗಳು, ಅಷ್ಟಷ್ಟೇ. ಸಾಲದ್ದಕ್ಕೆ, ಆ ವರ್ಷ ಮುಖ್ಯಮಂತ್ರಿಗೆ ಭಾಷಣ ಬರೆದುಕೊಡುವವರೂ ಬದಲಾಗಿದ್ದರು. ಭಾಷಣದ ಪದ ಹಿಡಿದು ಆಡಿದವನ ಎದೆಯೊಳಗೆ ಇಳಿಯುವುದು ಹೇಗೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಭಾವನ ಮುಖ ನೆನಪಾಗಿ ನುಂಗಿಕೊಂಡೆ.

ಭಾನುವಾರ ಅವರ ಮನೆಗೆ ಹೋದೆ. ಗುರುತು ಹೊಂದದ ಜಾಗಗಳನ್ನು ಎದುರುಬದುರು ಕೂತು ಚರ್ಚಿಸುವುದೂ ನಿಯಮವೇ. ಅಕ್ಕ ಅಡುಗೆಮನೆಯ ಮೇಜಿನಲ್ಲಿ ತಮ್ಮ ಜಾಗದಲ್ಲಿ ಕೂತರು. ನಾನು ಮುಂದಿನ ಕೋಣೆಯ ಕಡೆ ನೋಡಲಿಲ್ಲ.

"'ಇದರ ಹೊರತಾಗಿ'. ಇದರಲ್ಲಿ ಮನೆ ಎಲ್ಲಿದೆ ಅಕ್ಕ?"

"ಹಿಂದಿನ ಸಾಲಲ್ಲಿ ಬಾಗಿಲಿದೆಯಲ್ಲ."

"ಅದು ಶಾಲೆ ಕಟ್ಟಡದ ಬಾಗಿಲು. ರಿಪೇರಿ ಮಾಡಿಸ್ತೀನಿ ಅಂತಾನೆ. ನಿಜವಾದ ಬಾಗಿಲು."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಮ್ಮಿಬ್ಬರಿಗೂ ಕಾಣ್ತಿತ್ತು ಕಣೇ. ಬೇರೆ ಬೇರೆ ಕೂತಿದ್ರೂ ಕಾಣ್ತಿತ್ತು."

"ಬೇರೆ ಕೂತಿದ್ರಿ. ಬೇರೆ ಇರಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು, "ಆಸ್ಪತ್ರೆಯಿಂದ ಬಂದ ಮೇಲೆ ಅವರು ಹೊಸ್ತಿಲು ದಾಟಲಿಲ್ಲ. ಬಾಗಿಲು ತೆಗೆದಿಡು, ಕಿಟಕಿ ತೆಗೆದಿಡು ಅಂತ ದಿನವಿಡೀ. ಅದನ್ನೇ ಕೇಳ್ತಾ ನಾನು ಇಲ್ಲಿ ಕೂತು ಗುರುತು ಹಾಕ್ತಿದ್ದೆ. ನಿಯಮದ ಹಾಳೇಲಿ ಇಲ್ಲದ್ದು ನಮ್ಮಿಬ್ಬರ ತಲೇಲಿತ್ತು." ಕೊನೆಯ ಅಧ್ಯಾಯವನ್ನು ಕಟ್ಟಿನಿಂದ ಬಿಡಿಸಿ ಪಕ್ಕಕ್ಕಿಟ್ಟರು. "ಇದು ಬೇಡ. ನೆಂಟರ ಅಧ್ಯಾಯಕ್ಕೇ ಪುಸ್ತಕ ಮುಗೀಲಿ. ಇದೂ ಇದ್ರೆ, ಇದನ್ನು ನೋಡಿ ಅದನ್ನೂ ಜನ ನಂಬೋದಿಲ್ಲ."

ಗಂಡನ ಕಡೆಯ ಬರಹವನ್ನು ಅವರ ಕೈಯಿಂದಲೇ ತೆಗೆಸಿದ್ದೆ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ, ಆದರೂ ಪ್ರಯತ್ನಪಟ್ಟೆ.

"ಬಿಸಾಡಬೇಡಿ ಅಕ್ಕ. ಅದು ಮುಖ್ಯಮಂತ್ರಿ ಬಗ್ಗೆ ಅಲ್ಲದಿದ್ರೂ ಭಾವನ ಬಗ್ಗೆ ನಿಜ. ಒಳಗೆ ಇದ್ದೂ ಹೊರಗಾದವರು ಅವರೇ. ತಮ್ಮ ಸಂಕಟಾನೇ ಬರೆದಿದ್ದಾರೆ. ನಿಮ್ಮನ್ನು ಬಿಟ್ಟುಹೋಗೋ ಸಂಕಟ."

ಅಕ್ಕ ಆ ಹಾಳೆಗಳ ಮೇಲೆ ಅಂಗೈ ಊರಿದರು. ಅದನ್ನು ನಂಬಲು ಅವರಿಗೆ ಎಷ್ಟು ಆಸೆಯಿತ್ತು ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಭಾವ ಬಾಯಿಬಿಟ್ಟು ಅಂಥದ್ದೊಂದು ಮಾತು ಆಡಿದವರಲ್ಲ. ಕಾಯಿಲೆಯಲ್ಲೂ ಔಷಧಿ, ಬಿಸಿನೀರು, ಪೆನ್ಸಿಲು, ಇಷ್ಟೇ ಕೇಳಿದವರು.

"ನನಗೂ ಹಾಗೇ ಕಾಣುತ್ತೆ ಕಣೇ," ಎಂದರು. "ಪ್ರತಿ ಸಾಲಲ್ಲೂ ಕಾಣುತ್ತೆ. ಆದರೆ ಕಾಣ್ತಿರೋದು ನನ್ನೊಬ್ಬಳಿಗೆ. ನಿನಗೆ ಕಂಡಿದ್ದು ನನ್ನ ಮೇಲಿನ ಕರುಣೆಗೆ, ಅದು ಲೆಕ್ಕಕ್ಕಿಲ್ಲ."

ಮುಂದಿನ ಕೋಣೆಯ ಕಡೆಗೆ ನೋಡಿದರು.

"ಹೌದೋ ಅಲ್ಲವೋ ಅಂತ ಹೇಳಬೇಕಾದ ಎರಡನೆಯವರು ಅಲ್ಲಿ ಕೂರ್ತಿದ್ರು."