ಅಧಿಕ ಮಾಸದ ಪಾಲು

ನನ್ನ ಭಾವನವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವರಿಗೂ ಅಷ್ಟೇ. ಮದುವೆಯಾಗಿ ತಿಪಟೂರಿಗೆ ಬಂದ ಮೊದಲ ವರ್ಷವೇ ಇದು ಇಬ್ಬರಿಗೂ ಗೊತ್ತಾಗಿಹೋಗಿತ್ತು. ನಾವಿದ್ದದ್ದು ಅವರ ಮನೆಯಲ್ಲಿ. ಭಾವನವರದು ಕೊಬ್ಬರಿ ವ್ಯಾಪಾರ, ನನ್ನ ಗಂಡ ಅವರ ತಮ್ಮ. ಹೊನ್ನವಳ್ಳಿ ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಕೊಬ್ಬರಿ ಗೊತ್ತು ಮಾಡುವುದು, ಗಾಡಿಗೆ ಹಾಕಿಸಿ ತರುವುದು, ಮನೆಯ ಅಟ್ಟಕ್ಕೆ ಏರಿಸುವುದು, ದರ ಬಂದಾಗ ಇಳಿಸುವುದು ಎಲ್ಲ ನನ್ನ ಗಂಡನದೇ ಕೆಲಸ. ಊರವರು ಅಣ್ಣನ ಬಲಗೈ ಎಂದು ಹೊಗಳುತ್ತಿದ್ದರು. ಬಲಗೈಗೆ ಯಾರು ಸಂಬಳ ಕೊಡುತ್ತಾರೆ?

ನಾನು ಬಿಸಿನೀರು ಒಂದು ಚೆಂಬು ಹೆಚ್ಚಿಗೆ ಸುರಿದುಕೊಂಡರೆ ಹೊರಗಿನಿಂದ ಭಾವನವರ ಕೆಮ್ಮು ಕೇಳುತ್ತಿತ್ತು. ಈ ಮನೆಯಿಂದ ಹೊರಬೀಳಬೇಕು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಮನೆ ನೋಡಿಟ್ಟಿದ್ದೆ. ಒಂದೂವರೆ ಕೋಣೆ, ಬಚ್ಚಲು ನಮ್ಮದೇ. ಅಡ್ವಾನ್ಸ್ ಸಾವಿರದ ಎಂಟುನೂರು, ಒಂದು ಪೈಸೆ ಕಮ್ಮಿಯಾದರೂ ಬೇರೆಯವರಿಗೆ ಕೊಡುತ್ತೇನೆಂದು ಮಾಲೀಕ ಖಡಾಖಂಡಿತವಾಗಿ ಹೇಳಿದ್ದ. ದೀಪಾವಳಿ ಕಳೆಯುವವರೆಗೆ ಕಾಯಲು ಒಪ್ಪಿದ್ದೇ ದೊಡ್ಡದು.

ಆ ಹಣಕ್ಕೆ ನನಗಿದ್ದ ದಾರಿ ಒಂದೇ. ಮಾಯಸಂದ್ರದ ಹತ್ತಿರ ನನ್ನ ಅಮ್ಮ ತನ್ನ ತುಂಡು ಗದ್ದೆ ಮಾರಿ, ತಂಗಿಯ ಮದುವೆಗೆಂದು ಆರು ಸಾವಿರ ಇಟ್ಟುಕೊಂಡಿದ್ದಳು. ಮದುವೆ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಕೊಬ್ಬರಿಗೆ ಹಾಕೋಣ, ಅಸಲು ನಿನಗೆ, ಲಾಭ ನನಗೆ ಎಂದು ಕೇಳಿದೆ. ಪಾಪ, ಕೊಟ್ಟಳು.

ಭಾವನವರು ಯುಗಾದಿಯಂದೇ ಮೂರು ಸಾವಿರ ಹಾಕಿ ಆ ವರ್ಷದ ವ್ಯಾಪಾರ ಶುರು ಮಾಡಿದ್ದರು. ಆಷಾಢದ ಕೊನೆಗೆ ಕೊಬ್ಬರಿ ದರ ಕುಸಿಯಿತು. ಕೊಳ್ಳಲು ಅವರ ಕೈಯಲ್ಲಿ ಕಾಸಿರಲಿಲ್ಲ. ನನ್ನ ಬಳಿ ಹಣವಿದೆಯೆಂದು ತಿಳಿದ ಕೂಡಲೇ ಅವರ ದನಿಗೆ ಬೆಲ್ಲ ಬಂತು. ಭೀಮನ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ನನ್ನ ಗಂಡನನ್ನು ಕರೆದು, ಇವತ್ತೇ ಕೊಡಿಸು, ನಾಳೆ ದರ ಏರುತ್ತದೆ ಎಂದರು. ಕರಾರನ್ನೂ ಅವರೇ ಹೇಳಿದರು: ಯಾರ ದುಡ್ಡು ಎಷ್ಟು, ಎಷ್ಟು ತಿಂಗಳು ವ್ಯಾಪಾರದಲ್ಲಿ ಇತ್ತು, ಅದರ ಪ್ರಕಾರ ಲಾಭ; ಲೆಕ್ಕ ದೀಪಾವಳಿ ಅಮಾವಾಸ್ಯೆಗೆ ಮುಗಿಸುವುದು. ಹಣ ಎಣಿಸಿ ಕೊಟ್ಟೆ. ಅಂದೇ ಸಂಜೆ ಅಟ್ಟಕ್ಕೆ ಹೊಸ ಕೊಬ್ಬರಿ ಏರಿತು.

ಆ ವರ್ಷ ಶ್ರಾವಣ ಎರಡಿತ್ತು, ಮೊದಲನೆಯದು ಅಧಿಕ ಮಾಸ. ನಾನು ಹಣ ಕೊಟ್ಟದ್ದು ಅಧಿಕ ಶ್ರಾವಣದ ಮೊದಲ ದಿನ. ನಮ್ಮ ಕಡೆ ಅಧಿಕದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಅಂಗಡಿ ತೆರೆಯುವುದಿಲ್ಲ. ಆ ಬೆಳಿಗ್ಗೆ ಇದು ಭಾವನವರಿಗೆ ನೆನಪಿರಲಿಲ್ಲ. ನೆನಪಾದದ್ದು ದೀಪಾವಳಿ ಕಳೆದು ಪಾಲು ಮಾಡಲು ಕುಳಿತಾಗ.

ಪಕ್ಕದ ಮಂಡಿಯ ಯಜಮಾನರನ್ನು ನಡುವೆ ಕೂರಿಸಿಕೊಂಡಿದ್ದರು. ಚಾಪೆಯ ಮೇಲೆ ಮೂವರು ಗಂಡಸರು. ನಾನೂ ನನ್ನ ಓರಗಿತ್ತಿಯೂ, ಅಂದರೆ ಭಾವನವರ ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಇಬ್ಬರ ಅಸಲನ್ನೂ ತೆಗೆದಿಟ್ಟ ಮೇಲೆ ಲಾಭ ಮೂರು ಸಾವಿರದ ಆರುನೂರ ನಲವತ್ತು ಉಳಿದಿತ್ತು. ಅದರಲ್ಲಿ ತಕರಾರಿರಲಿಲ್ಲ. ಭಾವನವರು ಗಂಟಲು ಸರಿಮಾಡಿಕೊಂಡು, ತಮ್ಮ ಮೂರು ಸಾವಿರ ಎಂಟು ತಿಂಗಳು, ನನ್ನ ಆರು ಸಾವಿರ ಮೂರು ತಿಂಗಳು, ಅಂದರೆ ಇಪ್ಪತ್ನಾಲ್ಕಕ್ಕೆ ಹದಿನೆಂಟು, ಹಾಗಾಗಿ ಏಳು ಭಾಗ ಮಾಡಿ ತಮಗೆ ನಾಲ್ಕು, ನನಗೆ ಮೂರು ಎಂದರು. ನನಗೆ ಬರುವುದು ಸಾವಿರದ ಐನೂರ ಅರವತ್ತು.

ನನ್ನ ಗಂಡ ಮೆಲ್ಲಗೆ, ನಮ್ಮದು ನಾಲ್ಕು ತಿಂಗಳಲ್ಲವೇ ಎಂದರು.

"ಅಧಿಕ್‌ದಾಗೆ ಶುರುವಾಗಿದ್ದು ಶುರುವಲ್ಲ ಕಣ್ಲಾ. ನಿಜ ಶ್ರಾವಣದಿಂದ್ಲೇ ಲೆಕ್ಕ. ನಂದು ಯುಗಾದಿಯಿಂದ ನಡ್ಕೊಂಡು ಬಂದಿದ್ದು, ಅದಕ್ಕೆ ಯಾವ ದೋಷಾನೂ ಇಲ್ಲ" ಎಂದರು ಭಾವ.

ಅದೇ ತಿಂಗಳು ಅವರ ಮೂರು ಸಾವಿರಕ್ಕೆ ತಿಂಗಳು, ನನ್ನ ಆರು ಸಾವಿರಕ್ಕೆ ಸೂತಕ! ನನಗೆ ಮೈಯೆಲ್ಲ ಉರಿದುಹೋಯಿತು. ಯಜಮಾನರಿಗೂ ಇದು ಅತಿಯಾಯಿತು ಅನ್ನಿಸಿರಬೇಕು. ಅವರು ಅಡಿಕೆ ಅಗಿಯುತ್ತ, ಹಾಗಾದರೆ ಆ ತಿಂಗಳನ್ನು ಇಬ್ಬರಿಗೂ ಬಿಟ್ಟುಬಿಡೋಣ, ಏಳು ತಿಂಗಳು, ಮೂರು ತಿಂಗಳು, ಯಾರಿಗೂ ಮೋಸವಿಲ್ಲ ಎಂದರು. ಭಾವನವರು ಒಲ್ಲದ ಮುಖ ಮಾಡಿಕೊಂಡು ಒಪ್ಪಿದರು. ಆ ಮುಖದ ಒಳಗಿನ ನಗು ನನಗೆ ಕಾಣಿಸುತ್ತಿತ್ತು. ನನ್ನ ಗಂಡನೂ ತಲೆಯಾಡಿಸಿಬಿಟ್ಟರು. ಈ ಲೆಕ್ಕದಲ್ಲಿ ನಮಗೆ ಸಾವಿರದ ಆರುನೂರ ಎಂಬತ್ತು ಬರುತ್ತಿತ್ತು. ಬಾಡಿಗೆ ಮನೆ ಕೈತಪ್ಪುತ್ತಿತ್ತು.

ಭಾವನ ಎದುರು ನಿಂತು ಮಾತಾಡಬಾರದು ಎಂದು ನನಗೆ ಹೇಳಿಕೊಟ್ಟಿದ್ದರು. ಬಾಗಿಲು ದಾಟಿ ಮುಂದೆ ಬಂದೆ.

"ಇಬ್ರಿಗೂ ಒಂದೊಂದು ತಿಂಗಳು ಬುಟ್ರೆ ಸಮ ಆಗಕಿಲ್ಲ ಕಣ್ರೀ ಯಜಮಾನ್ರೆ. ಆ ತಿಂಗಳು ಬುಟ್ರೆ ಭಾವನೋರ ಲೆಕ್ಕದಾಗೆ ಮೂರು ಸಾವ್ರ ಕಮ್ಮಿ ಆಗ್ತೈತೆ. ನನ್ನ ಲೆಕ್ಕದಾಗೆ ಆರು ಸಾವ್ರ ಕಮ್ಮಿ ಆಗ್ತೈತೆ. ಇದು ಯಾವ ಸಮ?"

ಯಜಮಾನರು ಅಗಿಯುವುದನ್ನು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಮೂರು ಸಾವಿರ ಎಂಟು ತಿಂಗಳು ದುಡಿದರೆ ಮೂರೆಂಟ್ಲಿ ಇಪ್ಪತ್ನಾಲ್ಕು; ಆರು ಸಾವಿರ ನಾಲ್ಕು ತಿಂಗಳು ದುಡಿದರೆ ಆರ್ನಾಲ್ಕ್ಲಿ ಇಪ್ಪತ್ನಾಲ್ಕು. ಎರಡೂ ಒಂದೇ, ಪಾಲು ಅರ್ಧ ಅರ್ಧ ಎಂದೆ. ದೋಷವಿದ್ದರೆ ಅಧಿಕದ ಮೊದಲ ದಿನ ಅಟ್ಟಕ್ಕೇರಿದ ಕೊಬ್ಬರಿಯನ್ನು ಯಾಕೆ ಮಾರಿದಿರಿ, ಅದರಲ್ಲಿ ಬಂದ ಲಾಭವನ್ನು ಯಾಕೆ ಈ ರಾಶಿಗೆ ಸೇರಿಸಿದಿರಿ ಎಂದು ಭಾವನವರನ್ನೂ ಕೇಳಿದೆ.

ಯಜಮಾನರು ಬೆರಳ ಗೆಣ್ಣುಗಳ ಮೇಲೆ ತಮ್ಮದೇ ಲೆಕ್ಕ ಹಾಕಿಕೊಂಡರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಭಾವನವರ ಕಡೆ ತಿರುಗಿ, "ಅರ್ಧ ಕೊಡಪ್ಪ. ದುಡ್ಡು ತಗೊಂಬೇಕಾದ್ರೆ ಪಂಚಾಂಗ ನೋಡ್ಲಿಲ್ಲ, ಈಗ್ಯಾಕೆ?" ಎಂದರು.

ಭಾವನವರು ಸಾವಿರದ ಎಂಟುನೂರ ಇಪ್ಪತ್ತು ರೂಪಾಯಿ ಎಣಿಸಿ, ತಮ್ಮನ ಕೈಗೆ ಕೊಡದೆ ಚಾಪೆಯ ಮೇಲೆ ಎಸೆದರು. ನಾನೇ ಬಗ್ಗಿ ಆರಿಸಿಕೊಂಡೆ.

"ತಿಂಗಳ ಲೆಕ್ಕ ಚೆನ್ನಾಗಿ ಬತ್ತದಲ್ಲವ್ವ ನಿಂಗೆ. ನನ್ನ ಮನೇಲಿ ತಿಂದಿದ್ದಕ್ಕೂ ಒಂದು ಲೆಕ್ಕ ಹಾಕು. ಅಧಿಕಾನೂ ಸೇರಿಸ್ಕಂಡು" ಎಂದರು ಭಾವ.

ನನ್ನ ಗಂಡನ ಸಂಬಳವಿಲ್ಲದ ದುಡಿಮೆಯ ಮಾತನ್ನು ಎತ್ತಬಹುದಿತ್ತು. ಅವರ ಮುಖ ನೋಡಿದೆ, ನೆಲದಲ್ಲೇ ಹೂತುಹೋಗುವಂತೆ ಕುಳಿತಿದ್ದರು. ಅದನ್ನು ಅವರೇ ಆಡಬೇಕಿತ್ತು, ಆಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಅಡ್ವಾನ್ಸಿನ ಸಾವಿರದ ಎಂಟುನೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಉಳಿದ ಇಪ್ಪತ್ತರ ನೋಟನ್ನು ಚಾಪೆಯ ಮೇಲಿಟ್ಟೆ. ಊಟದ್ದು ಎಂದೆ.

ಭಾವನವರು ಅದನ್ನು ಮುಟ್ಟಲಾರರು ಎಂದುಕೊಂಡಿದ್ದೆ. ಅವರು ಕೈ ಚಾಚಿದರು. ಅಷ್ಟರಲ್ಲಿ ಬಾಗಿಲಿನಿಂದ ನನ್ನ ಓರಗಿತ್ತಿ ಬಂದರು. ಹನ್ನೆರಡು ವರ್ಷ ಆ ಮನೆಯ ಒಲೆಯ ಮುಂದೆ ಕುಳಿತಿದ್ದವರು, ಗಂಡಸರ ಚಾಪೆಯ ಹತ್ತಿರ ಅವರು ಬಂದದ್ದನ್ನು ನಾನು ಕಂಡಿರಲಿಲ್ಲ. ಗಂಡನ ಕೈಗಿಂತ ಮೊದಲೇ ಬಗ್ಗಿ ನೋಟನ್ನು ಎತ್ತಿಕೊಂಡರು.

"ಬೇಯ್ಸಿ ಬಡಿಸಿದ್ದು ನಾನು" ಎಂದು ಹೇಳಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕಡೆಗೂ ನೋಡದೆ ಒಳಗೆ ಹೋದರು.