ಬೊಟ್ಟಿನ ಮರಿಗಳ ತೂಕ

ಅಂದು ಮಾಡಿದ ಕೆಲಸಗಳು: ಸೀಸೆಗಳನ್ನು ಬೂದಿ ಹಚ್ಚಿ ತೊಳೆದದ್ದು, ಮಣ್ಣಿನ ಮಡಕೆಯಲ್ಲಿ ಮೈಲುತುತ್ತ ಕರಗಿಸಿದ್ದು, ಬೇವಿನ ಕೊಂಬೆಗೆ ತೂಕದ ಕೊಕ್ಕೆ ಕಟ್ಟಿದ್ದು, ಕಂಬಳಿಯ ಜೋಲಿಯಲ್ಲಿ ಹದಿನೆಂಟು ಕುರಿಮರಿಗಳನ್ನು ತೂಗಿದ್ದು, ಅಂಗಿಯ ಕಿತ್ತುಹೋದ ಗುಂಡಿ ಹೊಲಿದುಕೊಂಡದ್ದು. ಅದಾದ ಮೇಲೆ ಉಳಿದದ್ದು ಅಕ್ಕನ ಮನೆಗೆ ಹೋಗುವುದೊಂದೇ. ಆ ಕೆಲಸಕ್ಕೆ ಮಾತ್ರ ಬೆಳಗಿನಿಂದ ಕಾಲೇ ಏಳುತ್ತಿರಲಿಲ್ಲ.

ಆಗ ನಾನು ಚಳ್ಳಕೆರೆಯ ದನದ ಆಸ್ಪತ್ರೆಯಲ್ಲಿ ಔಷಧಿ ಕಲಸುವವನು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ನಾಲ್ಕು ಅಕ್ಷರ ಕಲಿತವನೆಂದು ಸಾಹೇಬರು, ಅಂದರೆ ನಮ್ಮ ದನದ ಡಾಕ್ಟರು, ಕುರಿಯ ವಿಷಯವನ್ನೆಲ್ಲ ನನಗೇ ಬಿಡುತ್ತಿದ್ದರು. ಅಕ್ಕ ಮೊಳಕಾಲ್ಮೂರಿನ ಹತ್ತಿರದ ಹಳ್ಳಿಯಲ್ಲಿದ್ದಳು. ಭಾವ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಆ ಮಂದೆಯೊಂದೇ.

ಹಿಂದಿನ ವರ್ಷ ಮಳೆಗಾಲದ ಮೊದಲಲ್ಲಿ ಅವಳ ಮರಿಗಳು ಸೊರಗತೊಡಗಿದವು. ಹೊಟ್ಟೆಯ ಹುಳು ಇರಬೇಕೆಂದು ಸಾಹೇಬರು ಮೈಲುತುತ್ತದ ನೀರು ಕುಡಿಸಿ ನೋಡುವ ಯೋಚನೆ ಮಾಡಿದರು. ಗಾಡಿಯಲ್ಲಿ ಹೋದೆವು.

"ಸೊರಗಿದೆ ಅಂದರೆ ಏನಮ್ಮ?" ಎಂದು ಅಕ್ಕನನ್ನು ಕೇಳಿದರು.

"ಸೊರಗೈತೆ ಅಂದ್ರೆ ಸೊರಗೈತೆ ಸಾಮಿ. ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನಿನಗೆ ಗೊತ್ತಾಗುತ್ತೆ. ನನಗೆ ಬೇರೆ ಕಾಣುತ್ತೆ, ನಿನ್ನ ತಮ್ಮನಿಗೆ ಇನ್ನೊಂದು ಕಾಣುತ್ತೆ. ಮೂವರಿಗೂ ಒಂದೇ ಕಾಣೋ ಹಂಗೆ ಹೇಳಬೇಕು."

ಕೊನೆಗೆ ಹೀಗೆಂದು ಗೊತ್ತು ಮಾಡಿದರು. ಬೆಳಿಗ್ಗೆ ಮೇವಿಗೆ ಬಿಡುವ ಮೊದಲು, ಹಾಲು ಕುಡಿಯುವ ಮೊದಲು, ಅದೇ ಕೊಕ್ಕೆಯಲ್ಲಿ ಅದೇ ಕಂಬಳಿಯಲ್ಲಿ ತೂಗಬೇಕು. ಕಂಬಳಿಯ ತೂಕ ಕಳೆಯಬೇಕು. ಕೆಳರೆಪ್ಪೆ ಎಳೆದು ಒಳಗಿನ ಬಣ್ಣವನ್ನು ಕೆಂಪು, ನಸುಗೆಂಪು, ಬಿಳಿ ಎಂಬ ಮೂರು ದಾರದ ಪಕ್ಕ ಹಿಡಿದು ಯಾವುದಕ್ಕೆ ಹತ್ತಿರವೋ ಅದನ್ನು ಬರೆಯಬೇಕು. ತಿಂಗಳಲ್ಲಿ ಎರಡು ರಾತಲು ತೂಕ ಏರದೆ ರೆಪ್ಪೆ ಬಿಳಿದಾರಕ್ಕೆ ಹೊಂದಿದರೆ ಮಾತ್ರ ಅದು ಸೊರಗಿದ ಮರಿ. ಮುಖ ನೋಡಿ ಹೇಳುವುದು ಲೆಕ್ಕಕ್ಕಿಲ್ಲ.

ಪಕ್ಕದ ಹಟ್ಟಿಯವನು ಬೇಲಿಯಾಚೆ ನಿಂತು ನಗುತ್ತಿದ್ದ. "ಏಮಪ್ಪಾ, ಮರಿ ರೆಪ್ಪೆ ಎತ್ತಿ ನೋಡ್ತೀರಾ! ಹೆಣ್ಣು ನೋಡಾಕ್ ಬಂದೋರೂ ಇಷ್ಟು ನೋಡಲ್ಲ."

"ನಿನ್ ಹೆಂಡ್ತಿ ಮನೆಯೋರು ನಿನ್ ರೆಪ್ಪೆ ಎತ್ತಿ ನೋಡ್ಬೇಕಿತ್ತು ಕಣೋ," ಎಂದಳು ಅಕ್ಕ. ಆಗ ಅವಳಿಗೆ ನಗು ಬರುತ್ತಿತ್ತು.

ನನ್ನನ್ನು ಅಲ್ಲೇ ಬಿಟ್ಟು ಗಾಡಿ ಹತ್ತುವಾಗ ಸಾಹೇಬರು ನನಗೆ ಹೇಳಿದರು: "ನಾವು ಬೇಕೆಂದೇ ಬದಲಿಸೋದು ಒಂದೇ, ಔಷಧಿ. ಹತ್ತಕ್ಕೆ ಕೊಡು, ಹತ್ತಕ್ಕೆ ಬೇಡ. ಅದರಿಂದ ಏನಾಯಿತು ಅಂತ ಅಳೆಯೋದು ತೂಕ ಮತ್ತು ರೆಪ್ಪೆ. ಮಿಕ್ಕಿದ್ದೆಲ್ಲ ಎರಡು ಗುಂಪಿಗೂ ಒಂದೇ ಇರಲಿ. ಔಷಧಿಯ ಜೊತೆ ಇನ್ನೇನಾದರೂ ಕದ್ದು ಬದಲಾದರೆ, ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

ನಾನು ತಲೆಯಾಡಿಸಿದೆ.

ಇಪ್ಪತ್ತು ಮರಿಗಳಲ್ಲಿ ಹತ್ತಕ್ಕೆ ಹಣೆಯ ಮೇಲೆ ಬಿಳಿಯ ಬೊಟ್ಟಿತ್ತು. ನಮ್ಮ ಮನೆತನದಲ್ಲಿ ಬೊಟ್ಟಿನ ಮರಿ ದೇವರದು. ಹಬ್ಬದವರೆಗೆ ಅದರ ಬಾಯಿಗೆ ಕಹಿ ಹಾಕುವುದಿಲ್ಲ. "ಅವಕ್ ಬ್ಯಾಡ ತಮ್ಮಾ," ಎಂದಳು ಅಕ್ಕ. ಹತ್ತು ಇವು, ಹತ್ತು ಅವು. ಲೆಕ್ಕ ಸರಿಹೋಯಿತೆಂದು ನನಗೆ ಖುಷಿಯೇ ಆಯಿತು. ಬೊಟ್ಟಿಲ್ಲದ ಹತ್ತಕ್ಕೆ ಒಂದೊಂದು ಔನ್ಸ್ ಕುಡಿಸಿ ಬಂದೆ.

ತಿಂಗಳ ಮೇಲೆ ತೂಗಿದಾಗ ಔಷಧಿ ಕುಡಿಯದವು ನಾಲ್ಕು ನಾಲ್ಕೂವರೆ ರಾತಲು ಏರಿದ್ದವು, ರೆಪ್ಪೆ ಕೆಂಪು. ಕುಡಿದವು ಒಂದೂವರೆಯ ಮೇಲೆ ಏರಿರಲಿಲ್ಲ, ರೆಪ್ಪೆ ಬಿಳಿ. ತೂಕದಲ್ಲಿ ತಪ್ಪಿರಲಿಲ್ಲ. ಎರಡೆರಡು ಸಲ ತೂಗಿದ್ದೆ. "ಔಷಧಿಯಿಂದ ಗುಣವಿಲ್ಲ, ಕೇಡೇ ಕಾಣುತ್ತದೆ" ಎಂದು ನಾನೇ ಬರೆದೆ. ಅಕ್ಕನಿಗೂ ಅದನ್ನೇ ಹೇಳಿ, ಸೀಸೆಗಳನ್ನು ಚಳ್ಳಕೆರೆಗೆ ವಾಪಸು ತಂದೆ.

ಮಳೆ ಜೋರಾಯಿತು. ಬೊಟ್ಟಿಲ್ಲದ ಮರಿಗಳ ಗದ್ದದಡಿ ನೀರು ತುಂಬಿ ಜೋತುಬಿತ್ತು. ಹತ್ತರಲ್ಲಿ ಒಂಬತ್ತು ಸತ್ತವು, ಆಮೇಲೆ ಅವುಗಳ ತಾಯಿಗಳೂ ಸಾಯತೊಡಗಿದವು. ಸುದ್ದಿ ತಿಳಿದು ಹೋದಾಗ ಅಕ್ಕ ಬಾಗಿಲಲ್ಲಿ ಕೂತು, ನೆನೆಸಿದ ಹುರುಳಿಯನ್ನು ಸೆರಗಿನಿಂದಲೇ ಬೊಟ್ಟಿನ ಮರಿಗಳಿಗೆ ತಿನ್ನಿಸುತ್ತಿದ್ದಳು. ಅದನ್ನು ನೋಡಿ ಕೇಳಿದೆ.

"ಇವಕ್ಕೆ ದಿನಾ ಹುರುಳಿ ಹಾಕ್ತೀಯಾ?"

"ದೇವ್ರ ಮರಿ ಅಲ್ವೇನೋ. ನಮ್ಮವ್ವ ಹಾಕ್ತಿರ್ಲಿಲ್ವಾ?"

"ಮೇಯಾಕೆ?"

"ಕೆರೆ ಕಡೆ ಬಿಡಲ್ಲ. ಇಲ್ಲೇ ಒಣ ದಿಬ್ಬದಾಗೆ."

ನಮ್ಮವ್ವ ಹಾಕುತ್ತಿದ್ದಳು. ನಾನೇ ಬಟ್ಟಲು ಹಿಡಿದು ನಿಂತಿರುತ್ತಿದ್ದೆ. ಗೊತ್ತಿಲ್ಲದ ಊರಿನ ಮರಿಯಾಗಿದ್ದರೆ ಏನು ತಿನ್ನುತ್ತದೆ, ಎಲ್ಲಿ ಮೇಯುತ್ತದೆ ಎಂದು ಕೇಳಿರುತ್ತಿದ್ದೆ. ನಮ್ಮ ಮನೆಯ ಪದ್ಧತಿ ನನಗೆ ಪ್ರಶ್ನೆಯಾಗಿ ಕಾಣಲೇ ಇಲ್ಲ. ಔಷಧಿ ಕುಡಿದವು ದಿನವೂ ಕೆರೆಯಂಚಿನ ಹಸಿ ಹುಲ್ಲು ಮೇದು ಹುಳುವನ್ನು ಮತ್ತೆ ಮತ್ತೆ ನುಂಗಿದ್ದವು. ಕುಡಿಯದವು ಹುರುಳಿ ತಿಂದು ಒಣನೆಲದಲ್ಲಿದ್ದವು. ನಾನು ತೂಗಿದ್ದು ಔಷಧಿಯನ್ನಲ್ಲ, ಹುರುಳಿಯನ್ನೂ ದಿಬ್ಬವನ್ನೂ.

ಅಕ್ಕನಿಗೆ ಅದು ಬೇರೆಯಾಗಿ ಕಂಡಿತ್ತು. "ಪರೀಕ್ಷೆ ಅಂತ ದೇವ್ರ ಹಟ್ಟಿಗೆ ವಿಷ ತರ್ಸಿದೆ. ಅವನ ಮರಿ ಅವನು ಉಳಿಸ್ಕೊಂಡ, ನನ್ನವು ಕಿತ್ಕೊಂಡ. ಮಂದೆ ಕಾಯೋ ಯೋಗ್ಯತೆ ನಂಗಿಲ್ಲ," ಎಂದಳು. ಉಳಿದ ಕುರಿಗಳನ್ನು ಮೈದುನನಿಗೆ ಕೊಟ್ಟುಬಿಡುವ ಮಾತಾಡಿದಳು. ಔಷಧಿ ವಿಷವಲ್ಲವೆಂದು ಹೇಳಲು ನನ್ನ ಕೈಯಲ್ಲಿ ಏನಿತ್ತು? ನಾನೇ ಬರೆದ ಕಾಗದ ಅದಕ್ಕೆ ಎದುರಾಗಿತ್ತು. "ಒಂದು ಮಳೆಗಾಲ ತಡಿ, ಇನ್ನೊಂದ್ಸಲ ನೋಡ್ತೀನಿ," ಎಂದಷ್ಟೇ ಬೇಡಿಕೊಂಡೆ.

ಸಾಹೇಬರು ಬೈಯಲಿಲ್ಲ. ಮರುವರ್ಷ ಪಕ್ಕದ ಹಟ್ಟಿಯವನ ಇಪ್ಪತ್ತು ಮರಿ ಕೇಳಿ ತೆಗೆದುಕೊಂಡೆವು. ಯಾವುದಕ್ಕೆ ಔಷಧಿ ಎಂದು ನಾವು ಆರಿಸಲಿಲ್ಲ. ಮಡಕೆಯಲ್ಲಿ ಚೀಟಿ ಹಾಕಿ ಸಾಹೇಬರೇ ಎತ್ತಿ, ತಾವೇ ಕುಡಿಸಿದರು. ಹತ್ತಕ್ಕೆ ಔಷಧಿ, ಹತ್ತಕ್ಕೆ ಬರೀ ನೀರು, ಹಿಡಿಯುವ ಗಾಬರಿಯೂ ಒಂದೇ ಇರಲೆಂದು. ರಾತ್ರಿ ಕೂಡಲು ಒಂದೇ ರೊಪ್ಪ, ಮೇಯಲು ಒಂದೇ ಕೆರೆಯಂಚು, ಹುರುಳಿ ಯಾವುದಕ್ಕೂ ಇಲ್ಲ. ಗುರುತಿಗೆ ಕಟ್ಟಿದ ಕೊರಳಿನ ದಾರ ಯಾವುದು ಯಾವ ಗುಂಪಿನದೆಂದು ತೂಗುವ ನನಗೂ ಸಾಹೇಬರು ಹೇಳಲಿಲ್ಲ. ಮೊದಲಿಗೆ ಹೇಳಿದ ಆ ದಿನ, ತಿಂಗಳು ತುಂಬಿ ತೂಗಿ ಮುಗಿಸಿದ ಮೇಲೆ ಚೀಟಿ ಬಿಚ್ಚಿ ತೋರಿಸಿದರು. ಔಷಧಿ ಕುಡಿದವು ಮೂರು ರಾತಲಿನ ಮೇಲೆ ಏರಿದ್ದವು, ರೆಪ್ಪೆ ಕೆಂಪು ಇಲ್ಲವೆ ನಸುಗೆಂಪು. ಬರೀ ನೀರು ಕುಡಿದವುಗಳಲ್ಲಿ ಎರಡು ಆಗಲೇ ಸತ್ತಿದ್ದವು. ಉಳಿದ ಎಂಟು ಎರಡು ರಾತಲೂ ಏರಿರಲಿಲ್ಲ, ರೆಪ್ಪೆ ಬಿಳಿ. ಅವಕ್ಕೂ ಅಲ್ಲೇ ಔಷಧಿ ಕುಡಿಸಿದೆವು.

ಸಂಜೆಗೆ ಮುಂಚೆ ಅಕ್ಕನ ಅಂಗಳಕ್ಕೆ ಹೋದೆ. ರೊಪ್ಪದ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಕುರಿಯೂ ಇರಲಿಲ್ಲ.

"ಮೊನ್ನೆ ಮೈದ್ನ ಬಂದು ಹೊಡ್ಕೊಂಡು ಹೋದ," ಎಂದಳು.

ಎಲ್ಲವನ್ನೂ ಹೇಳಿದೆ. ಹುರುಳಿ, ದಿಬ್ಬ, ಚೀಟಿ, ದಾರ. ವಿಷವಲ್ಲ, ದೇವರ ಸಿಟ್ಟಲ್ಲ, ನಿನ್ನ ತಪ್ಪಲ್ಲ, ನಾನು ಕೇಳಬೇಕಾದ್ದನ್ನು ಕೇಳಲಿಲ್ಲ ಎಂದೆ.

"ಹಂಗಾದ್ರೆ ಆ ಹತ್ತಕ್ಕೂ ಒಂದ್ ಹಿಡಿ ಹುರುಳಿ ಹಾಕಿದ್ರೆ ಬದುಕ್ತಿದ್ವೇನೋ?" ಎಂದಳು.

"ಬದುಕ್ತಿದ್ವೋ ಏನೋ ಅಕ್ಕಾ. ಇಲ್ಲಾ, ಔಸ್ದಿ ನಿಲ್ಲಿಸ್ದೆ ಕುಡಿಸಿದ್ರೆ."

"ಒಂದ್ ವರ್ಸ ನಿದ್ದೆ ಮಾಡಿಲ್ಲ ಕಣೋ ನಾನು. ಏನ್ ಪಾಪ ಮಾಡಿದ್ನೋ ಅಂತ."

"ಮೈದ್ನನ್ನ ಕೇಳಿ ವಾಪಸ್ ತರ್ಲಾ?"

"ಕೊಟ್ಟಿದ್ದು ಕೊಟ್ಟಂಗೆ. ಅವನಿಗೆ ಔಸ್ದಿ ಹೇಳ್ಬಾ, ಸಾಕು."

ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ತಡೆಯಲಿಲ್ಲ.

ನವಣೆ ಅನ್ನ ಮಾಡಿದಳು, ಬದನೆಕಾಯಿ ಸುಟ್ಟು ಹಿಂಡಿದ ಗೊಜ್ಜು. ಮಜ್ಜಿಗೆ ಇರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ, ಅವಳು ಒಂದು ತುತ್ತನ್ನು ಬಹಳ ಹೊತ್ತು ಕಲಸಿದಳು. ಕಂಬಳಿ ಹಾಸಿದ ಮೇಲೆ ಮೊದಲು ನಿದ್ದೆ ಹೋದವಳು ಅಕ್ಕ.