ಅರುಂಧತಿ ಬರೆದ ಮೊದಲ ಸಾಲು

ಸಿಂಗಪುರದ ಜುರಾಂಗ್ ವೆಸ್ಟಿನ ಅರುಂಧತಿಗೆ ಕಂಪನಿ ಕೊಟ್ಟಿದ್ದ ಹೆಸರು ಕೋಆರ್ಡಿನೇಟರ್. ಮಾಡುತ್ತಿದ್ದದ್ದು, ಎಂಜಿನಿಯರುಗಳ ಇಮೇಲನ್ನು ಓದುವವರ ಊರಿಗೆ ತಕ್ಕಂತೆ ತಿದ್ದುವ ಕೆಲಸ. ಒಸಾಕಾದ ಗ್ರಾಹಕರಿಗೆ ‘ಆಗುವುದಿಲ್ಲ’ ಎಂದು ಬರೆಯುತ್ತಿರಲಿಲ್ಲ. ‘ಸ್ವಲ್ಪ ಕಷ್ಟವಾಗಬಹುದು’ ಎಂದರೆ ಸಾಕು, ಅವರಿಗೆ ತಿಳಿಯುತ್ತಿತ್ತು. ಆ ನಯ ಮ್ಯಾನೇಜರ್ ಅನಂತರಾಮ್‌ಗೆ ರುಚಿ ಹತ್ತಿತು. ಜಗತ್ತೆಲ್ಲ ಒಸಾಕಾ ಅಂದುಕೊಂಡ.

ಹೋದ ವರ್ಷ ಕಾರ್ಖಾನೆಯಲ್ಲಿ ತಗಡು ಒತ್ತುವ ಒಂದು ಪ್ರೆಸ್ ಲೈನ್ ರೊಟರ್‌ಡ್ಯಾಮಿನ ಕಂಪನಿಗಾಗಿ ಕೆಲಸ ಶುರು ಮಾಡಿತು. ಅಲ್ಲಿನ ಡಚ್ ಅಧಿಕಾರಿ ಒಪ್ಪದೆ ಲೈನ್ ನಿಲ್ಲಿಸಕೂಡದು ಎಂದು ಅನಂತರಾಮ್ ಕಟ್ಟಪ್ಪಣೆ ಮಾಡಿದ್ದ.

ಟೆಕ್ನಿಷಿಯನ್ ವಿಭವ್ ಸಿಂಗಪುರದಲ್ಲೇ ಹುಟ್ಟಿ ಬೆಳೆದ, ಅಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸುವ ಹುಡುಗ. ಅರುಂಧತಿಯ ಮೇಜಿನ ಹತ್ತಿರ ಬಂದ.

“ಆಂಟಿ, ಗಾರ್ಡ್ ಸೆನ್ಸರ್ ಡೆಡ್. ಬಾಗಿಲು ತೆಗೆದ್ರೂ ಪ್ರೆಸ್ ಇಳಿಯುತ್ತೆ. ಯಾರದ್ದಾದ್ರೂ ಕೈ ಹೋಗುತ್ತೆ ಲಾ.”

ಅರುಂಧತಿಯ ಇಮೇಲ್ ಹೀಗೆ ಶುರುವಾಯಿತು: ‘ಪ್ರೆಸ್ ಅಪಾಯಕಾರಿಯಾಗಿದೆ. ಇಂದೇ ನಿಲ್ಲಿಸಬೇಕು. ಒಪ್ಪಿಗೆ ಕಳಿಸಿ.’ ಕಾರಣ ಕೆಳಗೆ.

ಅನಂತರಾಮ್ ನೋಡಿ ಮುಖ ಸಿಂಡರಿಸಿದ. “ಏನ್ರೀ ಇದು, ಕ್ಲೈಂಟ್‌ಗೆ ಆರ್ಡರ್ ಮಾಡ್ತೀರಾ?”

“ಸರ್, ಡಚ್ ಅವರು ಇದನ್ನ ಒರಟು ಅನ್ಕೊಳ್ಳಲ್ಲ. ನಯವಾಗಿ ಬರೆದ್ರೇ ಅರ್ಜೆಂಟ್ ಇಲ್ಲ ಅನ್ಕೋತಾರೆ.”

“ನಿಮ್ಮ ಪಾಠ ನನಗೆ ಬೇಡ.”

ಆತ ಮೊದಲ ಸಾಲಿನಿಂದ ಕಾರಣದವರೆಗೆ ಎಲ್ಲ ಅಳಿಸಿ, ಹವಾಮಾನ ವಿಚಾರಿಸಿ, ಕೊನೆಗೆ ‘ಅನುಕೂಲವಾದಾಗ ಗಾರ್ಡನ್ನು ಒಮ್ಮೆ ನೋಡುವುದನ್ನು ಪರಿಗಣಿಸಬಹುದೇನೋ’ ಎಂದು ಸೇರಿಸಿದ. ಅರುಂಧತಿಯ ಹೆಸರಲ್ಲೇ ಕಳಿಸಿದ. ಆಕೆಯ ಮೂಲ ಕರಡು ಓದಿದ್ದ ಸಹೋದ್ಯೋಗಿಗಳು ಇದರಲ್ಲೂ ಸಿಸಿಯಲ್ಲಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ.

ಡಚ್ ಅಧಿಕಾರಿ ಅದೇ ದಿನ ಉತ್ತರಿಸಿದ: ಧನ್ಯವಾದ, ಮುಂದಿನ ತಿಂಗಳ ಮೇಂಟೆನೆನ್ಸಿನಲ್ಲಿ ನೋಡೋಣ. ಆತ ಓದಿದ್ದಕ್ಕೆ ಅದು ಸರಿಯಾದ ಉತ್ತರವೇ.

ಮುಂದಿನ ವಾರ, ಲೈನ್ ನಿಲ್ಲಿಸುವಂತಿಲ್ಲದ ಕಾರಣ, ಪ್ರೆಸ್ಸಿನಲ್ಲಿ ಸಿಕ್ಕಿಕೊಂಡ ತಗಡು ತೆಗೆಯಲು ವಿಭವ್ ಹಾಗೇ ಕೈ ಹಾಕಿದ. ಪ್ರೆಸ್ ಇಳಿಯಿತು. ಬಲಗೈಯ ಮೂರು ಬೆರಳು ಹೋದವು.

ಫೋನಿನಲ್ಲಿ ಡಚ್ ಅಧಿಕಾರಿ ಕೇಳಿದ್ದು ಒಂದೇ: “ಅಪಾಯ ಅಂತ ಯಾಕೆ ಬರೆಯಲಿಲ್ಲ?” ಅನಂತರಾಮ್ ಅರುಂಧತಿಯ ಕಡೆ ಕೈ ತೋರಿಸಿದ. ಆಕೆಯ ಭಾಷೆ ಸಾಲದಾಯಿತಂತೆ. ಆಮೇಲೆ ಆಕೆಯನ್ನು ಕ್ಯಾಬಿನ್ನಿಗೆ ಕರೆದು, ತಪ್ಪು ಆಕೆಯದೇ ಎಂದು ರೊಟರ್‌ಡ್ಯಾಮಿಗೆ ಬರೆಯಲು ಹೇಳಿದ. “ಡಚ್ ಸ್ಟೈಲಲ್ಲೇ ಬರೀರಿ, ನೇರವಾಗಿ.”

ಅರುಂಧತಿ ನೇರವಾಗಿಯೇ ಬರೆದರು: ‘ನಿಲ್ಲಿಸಬೇಕು ಎಂದು ನಾನು ಬರೆದಿದ್ದೆ. ಅನಂತರಾಮ್ ಅಳಿಸಿದರು.’ ಅಂದು ಸಂಜೆಯೇ ಕಂಪನಿಯವರು ಆಕೆಯ ಪಾಸ್ ಕಾರ್ಡ್ ಕಿತ್ತುಕೊಂಡು ಮನೆಗೆ ಕಳಿಸಿದರು. ವಿಭವ್ ಈಗ ಎಡಗೈಯಲ್ಲಿ ಸಹಿ ಕಲಿಯುತ್ತಿದ್ದಾನೆ. ಅನಂತರಾಮ್ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಮೊದಲ ಪಂಕ್ತಿಗೇ ಕೂತ.

ಅಪಘಾತದ ವಿಚಾರಣೆ ಇನ್ನೂ ಮುಗಿದಿಲ್ಲ. ಸಿಸಿಯಲ್ಲಿದ್ದವರಲ್ಲಿ ನಮ್ಮ ಕನ್ನಡದವರೂ ಇದ್ದೀರಿ, ಇದನ್ನು ಓದುತ್ತಲೂ ಇದ್ದೀರಿ. ಹೋಗಿ ಸಾಕ್ಷಿ ಹೇಳಿ.